ಎರಡೂವರೆ ಡಾಲರಿನ ಕೊರತೆ

ವಿಜಯಪುರದ ಮನೆಯಲ್ಲಿ ಕುಳಿತು, ಪರದೇಶದ ಅಂಗಡಿಕಾರರು ಕಳುಹಿಸುವ ಫೋಟೋಗಳಿಂದ ಸಾಮಾನನ್ನು ಮಾತ್ರ ಬಿಡಿಸಿ ಬಿಳಿಯ ಹಿನ್ನೆಲೆಯ ಮೇಲೆ ಕೂರಿಸಿ ಕೊಡುವುದು ನನ್ನ ಉದ್ಯೋಗ. ಕಸುಬಿನವರು ಇದಕ್ಕೆ ಕ್ಲಿಪಿಂಗ್ ಪಾತ್ ಎನ್ನುತ್ತಾರೆ. ಕೆಲಸ ಹುಡುಕಿ ಕೊಡುವುದನ್ನೂ, ಗಿರಾಕಿಯ ಹಣವನ್ನು ಪಡೆದು ತನ್ನ ಪಾಲು ಮುರಿದುಕೊಂಡು ನನಗೆ ತಲುಪಿಸುವುದನ್ನೂ ಒಂದು ವಿದೇಶಿ ಪ್ಲಾಟ್‌ಫಾರ್ಮ್ ಮಾಡುತ್ತದೆ. ಅದರ ನಿಯಮದಂತೆ ಖಾತೆಯಲ್ಲಿ ನೂರು ಡಾಲರ್ ಸೇರುವವರೆಗೆ ಒಂದು ಸೆಂಟನ್ನೂ ಹೊರಗೆ ತೆಗೆಯಲು ಬರುವುದಿಲ್ಲ. ನನ್ನ ಬ್ಯಾಲೆನ್ಸ್ 112 ಡಾಲರಿಗೆ ಮುಟ್ಟಿದ ದಿನ ನಾನು ವಿತ್‌ಡ್ರಾ ಗುಂಡಿಯನ್ನು ಒತ್ತಿದೆ. ಹಣದ ಬದಲು ಒಂದು ಪ್ರಶ್ನೆ ಬಂತು: ನೀವು ನೀವೇ ಎಂಬುದಕ್ಕೆ, ಮತ್ತು ನೀವು ಹೇಳಿದ ಊರಿನಲ್ಲಿಯೇ ಇದ್ದೀರಿ ಎಂಬುದಕ್ಕೆ ಪುರಾವೆ ಕೊಡಿ.

ಮೊದಲನೆಯದು ಸುಲಭವಾಗಿ ಮುಗಿಯಿತು. ಗುರುತಿಗೆ ಡ್ರೈವಿಂಗ್ ಲೈಸೆನ್ಸ್ ಕೊಟ್ಟೆ; ಅದರ ಫೋಟೋದಲ್ಲಿರುವ ಮೀಸೆ ಈಗ ನನ್ನ ಮುಖದ ಮೇಲೆ ಇಲ್ಲದಿದ್ದರೂ ಅವರು ತಕರಾರು ತೆಗೆಯಲಿಲ್ಲ. ಎರಡನೆಯದರಲ್ಲಿ ಇಡೀ ಊರೇ ಸಿಕ್ಕಿಹಾಕಿಕೊಂಡಿತು.

ವಿಳಾಸಕ್ಕೆ ಅವರು ಕೇಳುವುದು ಮೂರು ತಿಂಗಳ ಒಳಗಿನ ಕರೆಂಟ್ ಬಿಲ್ಲು ಅಥವಾ ಬ್ಯಾಂಕಿನ ಸ್ಟೇಟ್‌ಮೆಂಟ್. ನಮ್ಮ ಮನೆಯ ಕರೆಂಟ್ ಬಿಲ್ಲು ಅಚ್ಚ ಕನ್ನಡದಲ್ಲಿದೆ, ಅದೂ ತೀರಿಕೊಂಡ ನಮ್ಮ ಅಜ್ಜನ ಹೆಸರಿನಲ್ಲಿದೆ. ಹೀಗಾಗಿ ಬ್ಯಾಂಕಿನ ಸ್ಟೇಟ್‌ಮೆಂಟ್ ಕಳುಹಿಸಿದೆ. ಖಾತೆಯನ್ನು ನಾನು ಕಾಲೇಜಿನಲ್ಲಿದ್ದಾಗ ತೆರೆದದ್ದರಿಂದ ಅದರ ಮೇಲೆ ಊರಿನ ಹೆಸರು ಬಿಜಾಪುರ ಎಂದಿತ್ತು. ಲೈಸೆನ್ಸಿನ ಮೇಲೂ ಬಿಜಾಪುರವೇ. ಆದರೆ ಪ್ಲಾಟ್‌ಫಾರ್ಮಿನ ಪ್ರೊಫೈಲಿನಲ್ಲಿ ನಾನು, ಸರ್ಕಾರವು 2014ರ ನವೆಂಬರ್ 1ರಂದು ಬದಲಿಸಿದ ಹೆಸರನ್ನು ಗೌರವಿಸುವ ನಾಗರಿಕನಾಗಿ, ವಿಜಯಪುರ ಎಂದು ಬರೆದಿದ್ದೆ. ತಿರಸ್ಕೃತ, ಎಂಬ ಉತ್ತರ ಬಂತು. ಕಾರಣ: ದಾಖಲೆಯಲ್ಲಿರುವ ಊರು ಮತ್ತು ಪ್ರೊಫೈಲಿನಲ್ಲಿರುವ ಊರು ಬೇರೆ ಬೇರೆ.

ಅಂದು ರಾಜ್ಯದ ಹನ್ನೆರಡು ಊರುಗಳ ಹೆಸರು ಒಟ್ಟಿಗೆ ಬದಲಾದವೆಂದೂ, ಬೆಳಗಾವಿಯವರಿಗೂ ಇದೇ ಗತಿಯೆಂದೂ, ದಾಖಲೆಯಲ್ಲಿಯೂ ಪ್ರೊಫೈಲಿನಲ್ಲಿಯೂ ಪಿನ್‌ಕೋಡ್ 586101 ಒಂದೇ ಇರುವುದನ್ನು ದಯವಿಟ್ಟು ನೋಡಬೇಕೆಂದೂ ನಾನು ದೀರ್ಘವಾಗಿ ಬರೆದೆ. ಅಲ್ಲಿಯ ಸಹಾಯಕ ಮಹಾಶಯರು ಬಹಳ ಸೌಜನ್ಯದಿಂದ, ತಾವು ಮನೆ ಬದಲಿಸಿದ್ದಲ್ಲಿ ಹೊಸ ಊರಿನ ದಾಖಲೆಯನ್ನು ಕಳುಹಿಸಬಹುದು ಎಂದು ಉತ್ತರಿಸಿದರು. ಮನೆ ಇದ್ದಲ್ಲಿಯೇ ಇದೆ, ಊರು ಬದಲಾಗಿದೆ ಎಂದು ಮತ್ತೆ ಬರೆದೆ. ಅವರನ್ನು ಪೂರ್ತಿ ದೂರುವಂತೆಯೂ ಇಲ್ಲ. ಅವರು ನಕ್ಷೆ ತೆರೆದು ನೋಡಿದರೆ ಛತ್ತೀಸಗಢದಲ್ಲಿ ಬಿಜಾಪುರ ಎಂಬ ಜಿಲ್ಲೆಯೇ ಇದೆ. ವಿಜಯಪುರ ಎಂದು ಹುಡುಕಿದರೆ ಬೆಂಗಳೂರಿನ ಮಗ್ಗುಲಲ್ಲಿ, ದೇವನಹಳ್ಳಿ ತಾಲ್ಲೂಕಿನಲ್ಲಿ ಒಂದು ಪಟ್ಟಣ ಸಿಗುತ್ತದೆ. ಅವರ ಕಣ್ಣಿಗೆ ನಾನು ನಕ್ಸಲ್ ಪ್ರದೇಶದ ಕಾಡಿನಲ್ಲಿ ಖಾತೆ ತೆರೆದು, ವಿಮಾನ ನಿಲ್ದಾಣದ ಪಕ್ಕದಲ್ಲಿ ವಾಸಿಸುತ್ತ, ನಾಯಿಗಳಿಗೆ ತೊಡಿಸುವ ಬೂಟುಗಳ ಫೋಟೋ ಕತ್ತರಿಸುವ ಶಂಕಾಸ್ಪದ ವ್ಯಕ್ತಿಯಾಗಿ ಕಂಡಿದ್ದರೆ ಅದರಲ್ಲಿ ಆಶ್ಚರ್ಯವೇನಿಲ್ಲ.

ಇಷ್ಟಾದ ಮೇಲೆ, ಇದೇ ಕಸುಬಿನಲ್ಲಿರುವ ಬಾಗಲಕೋಟೆಯ ಗೆಳೆಯನೊಬ್ಬನು ಫೋನಿನಲ್ಲಿ ಹೇಳಿದ ಮಾತು ನನ್ನ ಕಣ್ಣು ತೆರೆಸಿತು. ‘ಅವರಿಗೆ ಇತಿಹಾಸ ಹೇಳಬ್ಯಾಡೋ ಮಾರಾಯಾ. ಅಲ್ಲಿ ಕುಂತಾಂವಗ ತೀರ್ಮಾನ ಮಾಡೋ ಅಧಿಕಾರ ಇರಂಗಿಲ್ಲ. ಈ ಸಾಲು, ಆ ಸಾಲು ಒಂದೇ ಐತೇನು, ಅಷ್ಟ ನೋಡತಾನ. ಕಾಗದ ಬದಲಿಸಾಕ ತಿಂಗಳಗಟ್ಟಲೆ ಹಿಡೀತೈತಿ, ಪ್ರೊಫೈಲ್ ಬದಲಿಸಾಕ ಒಂದ ನಿಮಿಷ.’ ಇದು ಸರಿಯಾದ ಮಾತಾಗಿತ್ತು. ಪರಿಶೀಲನೆ ನಡೆಯುತ್ತಿರುವಾಗ ಪ್ರೊಫೈಲಿನ ವಿಳಾಸಕ್ಕೆ ಬೀಗ ಬಿದ್ದಿರುತ್ತದೆ. ಆದ್ದರಿಂದ ಮೊದಲು ಆ ಅರ್ಜಿಯನ್ನು ಹಿಂತೆಗೆದುಕೊಂಡು, ಬೀಗ ತೆರೆಸಿ, ಸ್ಟೇಟ್‌ಮೆಂಟಿನಲ್ಲಿ ಹೇಗಿದೆಯೋ ಹಾಗೆಯೇ, ಓಣಿಯ ಹೆಸರಿನಲ್ಲಿ ಬ್ಯಾಂಕಿನವರು ಬಿಟ್ಟ ಅಕ್ಷರವನ್ನೂ ಬಿಟ್ಟು, ವಿಳಾಸವನ್ನು ಇಳಿಸಿಕೊಂಡೆ. ಹೆಸರನ್ನೂ ಹಾಗೆಯೇ ಮಾಡಿದೆ: ನಮ್ಮ ಕಡೆ ಅಡ್ಡಹೆಸರು ಬ್ಯಾಂಕಿನಲ್ಲಿ ಮುಂದೆ, ಲೈಸೆನ್ಸಿನಲ್ಲಿ ಹಿಂದೆ, ತಂದೆಯ ಹೆಸರು ಒಮ್ಮೆ ಪೂರ್ತಿ, ಒಮ್ಮೆ ಒಂದೇ ಅಕ್ಷರ. ಮೊಬೈಲಿನಲ್ಲಿ ತೆಗೆದ ಸ್ಕ್ರೀನ್‌ಶಾಟಿನ ಬದಲು ಬ್ಯಾಂಕಿನಿಂದ ಇಳಿಸಿಕೊಂಡ ಪಿಡಿಎಫ್ ಕಡತವನ್ನೇ, ನಾಲ್ಕೂ ಮೂಲೆಗಳು ಕಾಣುವಂತೆ ಕಳುಹಿಸಿದೆ. ಮರುದಿನವೇ ವೆರಿಫೈಡ್ ಎಂಬ ಹಸಿರು ಗುರುತು ಮೂಡಿತು. ದಾಖಲೆಯ ಪ್ರಕಾರ ನಾನು ಮತ್ತೆ ಬಿಜಾಪುರದವನಾದೆ.

ನಮ್ಮ ಅವ್ವನಿಗೆ ಇದಾವುದೂ ನಂಬಿಕೆ ಹುಟ್ಟಿಸಲಿಲ್ಲ. ‘ರೊಕ್ಕ ಕಾಣತಾವ ಅಂತಿ, ತಗಿಲಾಕ ಬರಂಗಿಲ್ಲ ಅಂತಿ. ಇದೆಂಥಾ ದುಡಿಮಿ ಪಾ?’ ಎಂದು ರೊಟ್ಟಿ ಬಡಿಯುತ್ತಲೇ ಕೇಳಿದಳು. ಈ ವಾರ ಬರುತ್ತವೆ ಎಂದೆ.

ಈ ಪ್ಲಾಟ್‌ಫಾರ್ಮುಗಳು ಸಣ್ಣ ಮೊತ್ತವನ್ನು ವಿದೇಶದಿಂದ ನೇರವಾಗಿ ನಮ್ಮ ಶಾಖೆಗೆ ಕಳುಹಿಸುವುದಿಲ್ಲ. ಡಾಲರನ್ನು ರೂಪಾಯಿಗೆ ಬದಲಿಸಿ, ಭಾರತದೊಳಗಿನ ಪಾಲುದಾರ ಸಂಸ್ಥೆಯೊಂದರ ಮೂಲಕ, ಊರಿಂದ ಊರಿಗೆ ನಾವು ಹಣ ಕಳುಹಿಸುವ ನೆಫ್ಟ್ ದಾರಿಯಲ್ಲಿಯೇ ಹಾಕಿಸುತ್ತವೆ. ಅದಕ್ಕೆ ಖಾತೆ ಸಂಖ್ಯೆಯ ಜೊತೆ ಐಎಫ್‌ಎಸ್‌ಸಿ ಬೇಕು. ನಾನು ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಅಚ್ಚಾಗಿದ್ದುದನ್ನು ಅಕ್ಷರಶಃ ತುಂಬಿದ್ದೆ. ಈ ಸಂಕೇತದಲ್ಲಿ ಹನ್ನೊಂದು ಅಕ್ಷರಗಳು: ಮೊದಲ ನಾಲ್ಕು ಬ್ಯಾಂಕಿನದು, ಐದನೆಯದು ಯಾವಾಗಲೂ ಸೊನ್ನೆ, ಉಳಿದ ಆರು ಶಾಖೆಯದು. ಫಾರಂ ನೋಡುವುದು ಈ ಆಕಾರವನ್ನು ಮಾತ್ರ. ಆ ಸಂಕೇತ ಇನ್ನೂ ಬದುಕಿದೆಯೇ ಎಂದು ಅದು ಕೇಳುವುದಿಲ್ಲ. ನನ್ನದು ಬದುಕಿರಲಿಲ್ಲ. 2020ರ ಏಪ್ರಿಲ್‌ನಲ್ಲಿ ಹತ್ತು ಸರ್ಕಾರಿ ಬ್ಯಾಂಕುಗಳು ಕೂಡಿ ನಾಲ್ಕಾದಾಗ ನನ್ನ ಬ್ಯಾಂಕೂ ಇನ್ನೊಂದರಲ್ಲಿ ಸೇರಿಹೋಗಿತ್ತು, ಅದರ ಹಳೆಯ ಸಂಕೇತವು ಮುಂದಿನ ವರ್ಷದಲ್ಲಿ ನಿಂತುಹೋಗಿತ್ತು. ಗೋಡೆಯ ಫಲಕ ಬದಲಾದದ್ದನ್ನು ನಾನೂ ಕಂಡಿದ್ದೆ. ಆದರೆ ತರಕಾರಿಯಿಂದ ಹಿಡಿದು ಮೊಬೈಲ್ ರೀಚಾರ್ಜಿನವರೆಗೆ ಎಲ್ಲವೂ ಯುಪಿಐನಲ್ಲಿ ನಡೆಯುವ ಕಾಲದಲ್ಲಿ, ಕ್ಯೂಆರ್ ಚೌಕದ ಹಿಂದೆ ಯಾವ ಸಂಕೇತವಿದೆಯೆಂದು ನೋಡುವ ಪ್ರಸಂಗವೇ ಬರುವುದಿಲ್ಲ.

ಪ್ಲಾಟ್‌ಫಾರ್ಮಿನಲ್ಲಿ ‘ಕಳುಹಿಸಲಾಗಿದೆ’ ಎಂದಿತ್ತು, ಬ್ಯಾಂಕಿನಲ್ಲಿ ಏನೂ ಇರಲಿಲ್ಲ. ಇಂಥ ಹೊತ್ತಿನಲ್ಲಿ ಕೇಳಬೇಕಾದದ್ದು ಯುಟಿಆರ್ ಸಂಖ್ಯೆಯನ್ನು; ನೆಫ್ಟ್ ದಾರಿಯ ಪ್ರತಿ ವರ್ಗಾವಣೆಗೂ ಅದೊಂದು ಇರುತ್ತದೆ, ಅದು ಸಿಕ್ಕರೆ ಹಣ ಎಲ್ಲಿದೆಯೆಂದು ಬ್ಯಾಂಕಿನವರು ಹೇಳಬಲ್ಲರು. ಸಹಾಯಕರು ಅದನ್ನು ಕೊಡುವ ಮೊದಲೇ ಹಣ ಹಿಂದಿರುಗಿ ಬಂದ ಸೂಚನೆ ಬಂತು. ಪಾಸ್‌ಬುಕ್ಕನ್ನು ಹಿಡಿದುಕೊಂಡು ಶಾಖೆಗೆ ಓಡಿದೆ.

ಕೌಂಟರಿನಲ್ಲಿದ್ದವರು ಪಾಸ್‌ಬುಕ್ಕನ್ನು ಕಂಡೊಡನೆ ನಕ್ಕರು. ‘ಈ ಕೋಡ್ ನಿಂತು ಭಾಳ ದಿನಾ ಆತಲ್ರಿ ಸರ. ಹೊಸಾ ಪಾಸ್‌ಬುಕ್ ಕೊಡತೀನಿ ತಡೀರಿ.’ ಪುಣ್ಯಾತ್ಮರು ಕಂಪ್ಯೂಟರಿನಲ್ಲಿ ನನ್ನ ಪುಟವನ್ನು ತೆರೆದು, ಉಪಕಾರದ ಹುಮ್ಮಸ್ಸಿನಲ್ಲಿ, ‘ಅಡ್ರೆಸ್ಸಿನ್ಯಾಗ ಇನ್ನೂ ಬಿಜಾಪುರ ಅಂತೇ ಐತಲ್ರಿ. ಆಧಾರ್ ಕೊಡ್ರಿ, ಹಂಗ ವಿಜಯಪುರ ಮಾಡಿ ಬಿಡ್ತೀನಿ,’ ಎಂದರು. ‘ಬ್ಯಾಡ್ರೀ!’ ಎಂದು ನಾನು ಕೂಗಿದ ರೀತಿಗೆ ಹಿಂದೆ ಸರದಿಯಲ್ಲಿದ್ದವರೆಲ್ಲ ತಲೆಯೆತ್ತಿ ನೋಡಿದರು. ಊರಿನ ಹೊಸ ಹೆಸರಿಗೆ ಇಷ್ಟು ದೊಡ್ಡ ದನಿಯಲ್ಲಿ ವಿರೋಧ ವ್ಯಕ್ತವಾದದ್ದು ಆ ಶಾಖೆಯಲ್ಲಿ ಅದೇ ಮೊದಲಿರಬೇಕು.

ಹೊಸ ಸಂಕೇತವನ್ನು ತುಂಬಿ, ಬ್ಯಾಲೆನ್ಸ್ ನೋಡಿದಾಗ ನಿಜವಾದ ಪೆಟ್ಟು ಗೊತ್ತಾಯಿತು. 112 ಡಾಲರಿನಲ್ಲಿ ವಿತ್‌ಡ್ರಾವಲ್ ಶುಲ್ಕ 2 ಡಾಲರ್ ಮೊದಲೇ ಕಳೆದಿತ್ತು. ಉಳಿದ 110 ಡಾಲರನ್ನು ಅವರು 84 ರೂಪಾಯಿಯ ದರದಲ್ಲಿ 9,240 ರೂಪಾಯಿ ಮಾಡಿ ಕಳುಹಿಸಿದ್ದರು. ಆ ರೂಪಾಯಿ ಹಿಂದಿರುಗಿದಾಗ ಮತ್ತೆ ಡಾಲರ್ ಆಗಬೇಕಲ್ಲ. ಆಗ ದರ 86. ಮಾರುವಾಗ ಒಂದು ಬೆಲೆ, ಕೊಳ್ಳುವಾಗ ಇನ್ನೊಂದು ಬೆಲೆ ಎಂಬುದು ನಮ್ಮ ಬಂಗಾರದ ಅಂಗಡಿಗಳ ನೀತಿಯೂ ಹೌದಾದ್ದರಿಂದ ನಾನು ದಂಗಾಗಲಿಲ್ಲ. 107 ಡಾಲರ್ 44 ಸೆಂಟ್ ಆಯಿತು. ಅದರಲ್ಲಿ ಹಣ ಹಿಂದಿರುಗಿದ್ದಕ್ಕೆ ದಂಡದ ರೂಪದಲ್ಲಿ 10 ಡಾಲರ್ ಹೋಯಿತು. ಕೈಯಲ್ಲಿ ಉಳಿದದ್ದು 97 ಡಾಲರ್ 44 ಸೆಂಟ್. ತೆಗೆಯಲು ಬೇಕಾದ ಕನಿಷ್ಠ ಮೊತ್ತ ನೂರು. ದುಡಿದು, ಗುರುತು ಸಾಬೀತುಪಡಿಸಿ, ಊರಿನ ಹೆಸರನ್ನು ಹಿಂದಕ್ಕೆ ತಿರುಗಿಸಿ, ಬ್ಯಾಂಕಿನಲ್ಲಿ ಕೂಗಾಡಿ ಬಂದವನು ಎರಡು ಡಾಲರ್ 56 ಸೆಂಟಿನ ಕೊರತೆಯಿಂದ ಹೊರಗೆ ನಿಂತಿದ್ದೆ. ಈ ಕೊರತೆಯನ್ನು ನನ್ನ ಜೇಬಿನಿಂದ ತುಂಬುವೆನೆಂದರೆ ಅದಕ್ಕೆ ಅವಕಾಶವಿಲ್ಲ. ಆ ಖಾತೆಯೊಳಗೆ ಹೋಗುವ ಹಣ ದುಡಿಮೆಯದೇ ಆಗಿರಬೇಕು.

ಆಗ ಸಿಕ್ಕಿದ್ದು ಕೆನಡಾದ ಒಬ್ಬ ನಾಯಿ ಕೊರಳಪಟ್ಟಿಯ ವ್ಯಾಪಾರಿಯ 5 ಡಾಲರಿನ ಕೆಲಸ. ಫೋಟೋದಲ್ಲಿ ಪಟ್ಟಿಯು ನಾಯಿಯ ಕೊರಳಲ್ಲಿಯೇ ಇತ್ತು, ನಾಯಿಯ ಮೈತುಂಬ ಉದ್ದನೆಯ ಕೂದಲಿತ್ತು. ಕೂದಲಿನ ಅಂಚನ್ನು ಬಿಡಿಸುವುದು ಈ ಕಸುಬಿನಲ್ಲಿ ಎಲ್ಲಕ್ಕಿಂತ ತ್ರಾಸಿನದು. ಗೆರೆ ಎಳೆದರೆ ಆಗದು, ಬೇಡದ ಭಾಗವನ್ನು ಮರೆಮಾಡುವ ಮಾಸ್ಕ್ ಹಾಕಿ ಎಳೆಯೆಳೆಯಾಗಿ ಉಳಿಸಿಕೊಳ್ಳಬೇಕು. ಬೇರೆ ದಿನವಾಗಿದ್ದರೆ ಇದಕ್ಕೆ 5 ಡಾಲರ್ ಎಂದವನಿಗೆ ಕೈಮುಗಿದು ಬಿಡುತ್ತಿದ್ದೆ. ಅಂದು ಮಾತ್ರ ಆ ನಾಯಿಯ ಒಂದೊಂದು ಕೂದಲಿಗೂ ನಾನು ತೋರಿಸಿದ ಮಮತೆಯನ್ನು ಅದರ ಒಡೆಯನೂ ತೋರಿಸಿರಲಾರ. ಪ್ಲಾಟ್‌ಫಾರ್ಮಿನ ಹತ್ತು ಪ್ರತಿಶತ ಕಳೆದು ನಾಲ್ಕೂವರೆ ಡಾಲರ್ ಬಂತು. ಬಂದೊಡನೆ ಕೈಗೆ ಸಿಗದೆ, ಗಿರಾಕಿ ತಕರಾರು ಮಾಡಬಹುದಾದ ಅವಧಿ ಮುಗಿಯುವವರೆಗೆ ‘ಬಾಕಿ’ ಎಂಬ ಅಂಕಣದಲ್ಲಿ ಕುಳಿತಿತ್ತು. ಅದು ಇಳಿದು ಬಂದ ಮೇಲೆ 101 ಡಾಲರ್ 94 ಸೆಂಟಾಯಿತು. ಮತ್ತೆ 2 ಡಾಲರ್ ಶುಲ್ಕ, ಮತ್ತೆ 84ರ ದರ. ಕೊನೆಗೆ 8,394 ರೂಪಾಯಿ 96 ಪೈಸೆ ಖಾತೆಗೆ ಬಂದು ಬಿದ್ದವು. ಹೆಚ್ಚುವರಿಯಾಗಿ ಒಂದು ನಾಯಿಯನ್ನು ಕತ್ತರಿಸಿಯೂ ಮೊದಲಿನದಕ್ಕಿಂತ 845 ರೂಪಾಯಿ ಕಡಿಮೆ.

ಅವ್ವನಿಗೆ ಮೊಬೈಲಿನ ಸಂದೇಶ ತೋರಿಸಿದೆ. ಅದರ ಕೆಳಗೆ ಬ್ಯಾಂಕಿನಿಂದಲೇ ಬಂದ ಇನ್ನೊಂದು ಸಂದೇಶವಿತ್ತು: ಕೆವೈಸಿ ನವೀಕರಿಸುವ ಅವಧಿ ಬಂದಿದೆ, ಆಧಾರ್‌ನೊಂದಿಗೆ ಶಾಖೆಗೆ ಬನ್ನಿ. ಆಧಾರ್‌ನಲ್ಲಿರುವುದು ವಿಜಯಪುರ. ಅದನ್ನು ಕೊಟ್ಟ ದಿನದಿಂದ ಸ್ಟೇಟ್‌ಮೆಂಟಿನ ಮೇಲೂ ವಿಜಯಪುರ ಬರುತ್ತದೆ, ಪ್ಲಾಟ್‌ಫಾರ್ಮಿನಲ್ಲಿ ನಾನು ಬಿಜಾಪುರದವನಾಗಿಯೇ ಇರುತ್ತೇನೆ, ಅವರು ಆಗಾಗ ಹೊಸ ಸ್ಟೇಟ್‌ಮೆಂಟ್ ಕೇಳುವುದುಂಟು. ಬಾಗಲಕೋಟೆಯ ಗೆಳೆಯನನ್ನು ವಿಚಾರಿಸಿದೆ. ಬ್ಯಾಲೆನ್ಸ್ ಪೂರ್ತಿ ತೆಗೆದು, ಖಾತೆ ಬರಿದಾಗಿರುವಾಗ ವಿಳಾಸ ಬದಲಿಸಿದರೆ ಏನೂ ಸಿಕ್ಕಿಹಾಕಿಕೊಳ್ಳುವುದಿಲ್ಲ ಎಂದು ಅವನು ಹೇಳಿದ. ಯೋಗ್ಯ ಸಲಹೆ. ಸದ್ಯ ಅಲ್ಲಿ 38 ಡಾಲರ್ ಕೂಡಿವೆ. ಪೂರ್ತಿ ತೆಗೆಯಬೇಕೆಂದರೆ ಇನ್ನೂ 62 ಬೇಕು.