ಕಿವಿಯೋಲೆ ಆರಿಸುವ ಮೊದಲು ಒಂದು ದಾರ ತೆಗೆದುಕೊಳ್ಳಿ

ಮೊನ್ನೆ ನನ್ನ ತಂಗಿ ಕನ್ನಡಿಯ ಮುಂದೆ ನಿಂತು ಹಾಕಿಕೊಂಡ ಜುಮುಕಿಯನ್ನು ಮೂರನೆಯ ಸಲ ಬಿಚ್ಚಿಟ್ಟಳು. "ಅಕ್ಕಾ, ಕೊಳ್ಳುವಾಗ ಇದು ನನಗೆ ಎಷ್ಟು ಚೆನ್ನಾಗಿ ಒಪ್ಪಿತ್ತು. ಈಗ ಏಕೆ ಹೀಗೆ ಕಾಣುತ್ತಿದೆ? ನನ್ನ ಮುಖ ದಪ್ಪವಾಯಿತೇ?" ಎಂದು ಕೇಳಿದಳು. ಮುಖಕ್ಕೇನೂ ಆಗಿರಲಿಲ್ಲ. ಅವಳು ಹಾಕಿಕೊಂಡಿದ್ದದ್ದು ಕಡುನೀಲಿ ಬಣ್ಣದ ಮುಚ್ಚಿದ ಕಾಲರಿನ ಕುರ್ತಾ, ಕೂದಲು ಬಿಟ್ಟಿದ್ದಳು, ಕಿವಿಯಲ್ಲಿ ಮೂರು ಅಂತಸ್ತಿನ ಕಪ್ಪು ಬೆಳ್ಳಿಯ ಜುಮುಕಿ. ಮೂರೂ ಬಿಡಿಬಿಡಿಯಾಗಿ ಸೊಗಸಾದವು. ಒಟ್ಟಿಗೆ ಸೇರಿದಾಗ ಕತ್ತೇ ಇಲ್ಲದಂತೆ, ತಲೆ ನೇರವಾಗಿ ಹೆಗಲ ಮೇಲೆ ಕುಳಿತಂತೆ ಕಾಣುತ್ತಿತ್ತು.

ಓಲೆಯ ವಿಷಯ ಬಂದರೆ ಎಲ್ಲರೂ ಮುಖದ ಆಕಾರದಿಂದಲೇ ಶುರು ಮಾಡುತ್ತಾರೆ. ದುಂಡು ಮುಖಕ್ಕೆ ಉದ್ದ ಲೋಲಾಕು, ಉದ್ದ ಮುಖಕ್ಕೆ ದುಂಡು ಬೆಂಡೋಲೆ ಎಂಬ ಪಟ್ಟಿಯನ್ನು ನಾವೆಲ್ಲ ಓದಿದ್ದೇವೆ. ಇದನ್ನು ನಾನು ಒಪ್ಪುವುದಿಲ್ಲ. ಮುಖದ ಆಕಾರ ದಿನದಿನಕ್ಕೆ ಬದಲಾಗುವುದಿಲ್ಲ, ಆದರೆ ಒಂದೇ ಓಲೆ ಒಂದು ದಿನ ಒಪ್ಪಿ ಮರುದಿನ ಒಪ್ಪದೇ ಹೋಗುತ್ತದೆ. ಹಾಗಾದರೆ ಬದಲಾಗುತ್ತಿರುವುದು ಬೇರೇನೋ ಇರಬೇಕಲ್ಲವೇ? ಬದಲಾಗುವುದು ಎರಡು: ಕಿವಿಯ ಹಾಲೆಯಿಂದ ಬಟ್ಟೆಯ ಅಂಚಿನವರೆಗೆ ಉಳಿಯುವ ಖಾಲಿ ಜಾಗ, ಮತ್ತು ಓಲೆಯ ಹಿಂದೆ ಏನಿದೆ ಎಂಬುದು. ಮೊದಲನೆಯದನ್ನು ನೆಕ್ ನಿರ್ಧರಿಸುತ್ತದೆ, ಎರಡನೆಯದನ್ನು ಕೂದಲು.

ತಂಗಿಯನ್ನು ಕೂರಿಸಿ ಒಂದು ಹೊಲಿಗೆ ದಾರ ತಂದೆ. ಕಿವಿ ಚುಚ್ಚಿದ ತೂತಿನಿಂದ ನೇರ ಕೆಳಗೆ ಕಾಲರಿನ ಮೇಲಂಚಿನವರೆಗೆ ದಾರ ಹಿಡಿದು ಅಳೆದೆ. 6 ಸೆಂಟಿಮೀಟರ್. ಜುಮುಕಿಯ ಉದ್ದ ಕೊಕ್ಕೆಯಿಂದ ಕೊನೆಯ ಮಣಿಯವರೆಗೆ 7. ಅಂದರೆ ಅದು ತೂಗಾಡುವ ಓಲೆಯಾಗಿ ಉಳಿದೇ ಇರಲಿಲ್ಲ, ಕಾಲರಿಗೆ ಒರಗಿಕೊಂಡಿತ್ತು. ಅವಳು ತಲೆ ತಿರುಗಿಸಿದಾಗಲೆಲ್ಲ ಕೆಳಗಿನ ಗಂಟೆ ಅಂಚಿಗೆ ತಾಗಿ ಮುಂದಕ್ಕೆ ಚಾಚಿಕೊಳ್ಳುತ್ತಿತ್ತು, ಮಣಿಗಳು ಕಾಲರಿನ ಕಸೂತಿಗೆ ಸಿಕ್ಕಿಕೊಳ್ಳುತ್ತಿದ್ದವು. ಆಮೇಲೆ ಕಾಲರ್ ಇಲ್ಲದ ಅಗಲ ನೆಕ್ಕಿನ ಬ್ಲೌಸ್ ಹಾಕಿಸಿ ಅದೇ ತೂತಿನಿಂದ ಬಟ್ಟೆಯವರೆಗೆ ಅಳೆದರೆ 10 ಸೆಂಟಿಮೀಟರ್ ಬಂತು. ಕಿವಿ ಅದೇ, ಕತ್ತು ಅದೇ, ಜಾಗ ಮಾತ್ರ 4 ಸೆಂಟಿಮೀಟರ್ ಹೆಚ್ಚು.

ವರ್ಷಗಳ ಅಭ್ಯಾಸದಿಂದ ನಾನು ಕಂಡುಕೊಂಡ ಲೆಕ್ಕ ಇಷ್ಟೇ. ಓಲೆಯ ತುದಿಗೂ ಬಟ್ಟೆಯ ಅಂಚಿಗೂ ನಡುವೆ ಎರಡು ಬೆರಳಿನಷ್ಟು, ಅಂದಾಜು 3 ಸೆಂಟಿಮೀಟರ್, ಬರಿಯ ಚರ್ಮ ಕಾಣಬೇಕು. ತಂಗಿಯ ಕಾಲರ್ ಕುರ್ತಾಕ್ಕೆ 6ರಲ್ಲಿ 3 ಕಳೆದರೆ ಉಳಿಯುವುದು 3. ಅಷ್ಟೇ ಉದ್ದದ ಓಲೆ ಅಥವಾ ಅದಕ್ಕಿಂತ ಚಿಕ್ಕದು. ಬ್ಲೌಸಿಗೆ 10ರಲ್ಲಿ 3 ಕಳೆದರೆ 7, ಅವಳ ಜುಮುಕಿಗೆ ಹೇಳಿ ಮಾಡಿಸಿದ ಅಳತೆ. ನನ್ನ ಕಿವಿಯಲ್ಲಿ ಈ ಅಂಕಿಗಳು ಬೇರೆಯೇ ಇವೆ, ನಿಮ್ಮದೂ ಬೇರೆ ಇರುತ್ತವೆ. ಕತ್ತು ಉದ್ದವಿದ್ದವರಿಗೆ ಇದೇ ಕಾಲರಿನಲ್ಲಿ ಇನ್ನೂ ಜಾಗ ಸಿಗುತ್ತದೆ. ಅದಕ್ಕಾಗಿಯೇ ಒಬ್ಬರಿಗೆ ಒಪ್ಪಿದ್ದನ್ನು ನೋಡಿ ಇನ್ನೊಬ್ಬರು ಕೊಂಡರೆ ನಿರಾಸೆಯಾಗುವುದು. ಅಂದಹಾಗೆ ಎರಡೂ ಕಿವಿಗಳನ್ನು ಅಳೆಯಿರಿ. ಎಷ್ಟೋ ಜನರಿಗೆ ಒಂದು ತೂತು ಇನ್ನೊಂದಕ್ಕಿಂತ ತುಸು ಕೆಳಗಿರುತ್ತದೆ. ಚಿಕ್ಕ ಅಂತರ ಬಂದ ಕಿವಿಯನ್ನೇ ಲೆಕ್ಕಕ್ಕೆ ಹಿಡಿಯಬೇಕು.

ಅಂತರ ತೀರಾ ಕಡಿಮೆಯಾದಾಗ ಮಾತ್ರ ತೊಂದರೆ ಎಂದಲ್ಲ. ಓಲೆಯ ತುದಿ ಬಟ್ಟೆಯ ಅಂಚಿನ ಮಟ್ಟಕ್ಕೇ ಬಂದು ನಿಂತರೆ ಇನ್ನೂ ಕೆಟ್ಟದಾಗಿ ಕಾಣುತ್ತದೆ. ಬೋಟ್ ನೆಕ್ಕಿನಲ್ಲಿ ಇದು ಪದೇಪದೇ ಆಗುತ್ತದೆ. ಆ ನೆಕ್ ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಅಡ್ಡಗೆರೆ ಎಳೆದಂತೆ ಇರುತ್ತದೆ, ಅದಕ್ಕೆ ಜರಿಯ ಅಂಚಿದ್ದರಂತೂ ಗೆರೆ ಎದ್ದು ಕಾಣುತ್ತದೆ. ಅದೇ ಗೆರೆಯ ಮೇಲೆ ಎರಡು ಜುಮುಕಿಯ ಗಂಟೆಗಳು ಕುಳಿತರೆ ಅವು ಓಲೆಗಳಂತೆ ಕಾಣದೆ ಬ್ಲೌಸಿಗೆ ಹೊಲಿದ ಗೊಂಡೆಗಳಂತೆ ಕಾಣುತ್ತವೆ. ಒಂದೋ ಸ್ಪಷ್ಟವಾಗಿ ಮೇಲೆ ನಿಲ್ಲಬೇಕು, ಇಲ್ಲವೇ ಹೆಗಲನ್ನು ತಾಗುವಷ್ಟು ಉದ್ದದ ಎಳೆಯಾಗಿ ಗೆರೆಯನ್ನು ದಾಟಿ ಇಳಿಯಬೇಕು. ಎರಡನೆಯದು ತೆಳ್ಳಗಿನ ಸರಪಳಿಯಂಥ ಓಲೆಗಳಿಗೆ ಮಾತ್ರ ಸಾಧ್ಯ. ಭಾರವಾದದ್ದು ಅಲ್ಲಿ ಬಟ್ಟೆಯ ಮೇಲೆ ಬಿದ್ದು ಹೊರಳುತ್ತದೆ.

ವಿ ಆಕಾರದ ನೆಕ್ಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಕತ್ತಿನ ಪಕ್ಕದಿಂದ ಕೆಳಕ್ಕೆ ಜಾರುವುದರಿಂದ ಜಾಗ ಧಾರಾಳವಾಗಿ ಸಿಗುತ್ತದೆ, ಬಹುತೇಕ ಎಲ್ಲವೂ ಒಪ್ಪುತ್ತದೆ. ಕುರ್ತಾದ ಮುಂಭಾಗದಲ್ಲಿ ದಟ್ಟ ಕಸೂತಿ ಇದ್ದರೆ ಮಾತ್ರ ಓಲೆಯನ್ನು ಸಾದಾ ಇಡಿ.

ಸೀರೆಯುಟ್ಟಾಗ ಒಂದು ವಿಷಯವನ್ನು ಮರೆಯುತ್ತೇವೆ. ಕನ್ನಡಿಯ ಮುಂದೆ ಬರಿಯ ಬ್ಲೌಸಿನಲ್ಲಿ ಓಲೆ ಹಾಕಿ ನೋಡಿ ಸರಿಯಿದೆ ಎಂದುಕೊಳ್ಳುತ್ತೇವೆ, ಆಮೇಲೆ ಸೆರಗು ಬರುತ್ತದೆ. ನೆರಿಗೆ ಹಿಡಿದ ಸೆರಗು ಎಡ ಹೆಗಲ ಮೇಲೆ ಪದರ ಪದರವಾಗಿ ಕುಳಿತಾಗ ಆ ಬದಿಯ ಬಟ್ಟೆ ಮೇಲೇರುತ್ತದೆ. ಗರಿಗರಿ ರೇಷ್ಮೆಯಾದರೆ ಇನ್ನಷ್ಟು. ಬಲಗಡೆ ಎರಡು ಬೆರಳು ಇದ್ದ ಜಾಗ ಎಡಗಡೆ ಒಂದೇ ಬೆರಳಾಗುತ್ತದೆ. ಜೊತೆಗೆ ಪಿನ್ನು ಬೇರೆ ಅಲ್ಲಿಯೇ ಇರುತ್ತದೆ, ಎಡ ಜುಮುಕಿಯ ಮಣಿ ಅದಕ್ಕೆ ಸಿಕ್ಕಿ ಎಳೆದರೆ ಹಾಲೆಗೆ ನೋವು. ನಾನು ಪಿನ್ನನ್ನು ಕತ್ತಿನ ಬುಡದಲ್ಲಿ ಚುಚ್ಚದೆ ಹೆಗಲಿನ ತುದಿಯ ಕಡೆಗೆ ಸರಿಸುತ್ತೇನೆ. ಅಷ್ಟಕ್ಕೇ ಜಾಗ ಮರಳಿ ಬರುತ್ತದೆ.

ಇನ್ನು ಕೂದಲು. ಕೂದಲು ಕಟ್ಟಿದರೆ ಓಲೆ ಕಾಣುತ್ತದೆ, ಬಿಟ್ಟರೆ ಮುಚ್ಚುತ್ತದೆ ಎಂಬಷ್ಟು ಸರಳವಲ್ಲ ಇದು. ಕೂದಲು ಓಲೆಗೆ ಹಿನ್ನೆಲೆ. ತಂಗಿಯ ಕಪ್ಪು ಬೆಳ್ಳಿ ಅವಳ ಬಿಟ್ಟ ಕಪ್ಪು ಕೂದಲಿನಲ್ಲಿ ಕರಗಿಹೋಗಿತ್ತು. ಮೂರು ಅಂತಸ್ತಿನ ಕೆತ್ತನೆಯಲ್ಲಿ ಒಂದೂ ಕಾಣದೆ, ಕಿವಿಯ ಕೆಳಗೆ ಏನೋ ದಪ್ಪನೆಯದು ಇದೆ ಎಂಬುದಷ್ಟೇ ತಿಳಿಯುತ್ತಿತ್ತು. ಕೂದಲನ್ನು ಎತ್ತಿ ತುರುಬು ಕಟ್ಟಿಸಿದೆ. ಹಿನ್ನೆಲೆ ಈಗ ಕತ್ತಿನ ಚರ್ಮವಾಯಿತು, ಕಪ್ಪು ಗೆರೆಗಳೆಲ್ಲ ಎದ್ದು ನಿಂತವು. ಚಿನ್ನದ ಬಣ್ಣ ಇದಕ್ಕೆ ತದ್ವಿರುದ್ಧ. ಕಪ್ಪು ಕೂದಲಿನ ಮುಂದೆ ಅದು ದೀಪದಂತೆ ಹೊಳೆಯುತ್ತದೆ, ಗೋಧಿ ಅಥವಾ ಕಂದು ಬಣ್ಣದ ಕತ್ತಿನ ಮುಂದೆ ಮೃದುವಾಗುತ್ತದೆ. ಹಾಗಾಗಿ ಕೂದಲು ಬಿಡುವ ದಿನ ನಾನು ಚಿಕ್ಕದಾದರೂ ಚಿನ್ನದ ಬಣ್ಣದ್ದನ್ನೋ ಮುತ್ತನ್ನೋ ಹಾಕುತ್ತೇನೆ, ಕಪ್ಪು ಬೆಳ್ಳಿಯನ್ನು ತುರುಬಿನ ದಿನಕ್ಕೆ ಎತ್ತಿಡುತ್ತೇನೆ. ಅಮ್ಮನ ಕೂದಲು ಪೂರ್ತಿ ಬೆಳ್ಳಗಾದ ಮೇಲೆ ಈ ಲೆಕ್ಕ ತಿರುಗಿತು. ಹೊಳಪಿನ ಬೆಳ್ಳಿ, ಬಿಳಿ ಹರಳು, ಮುತ್ತು ಎಲ್ಲವೂ ಅವರ ಕೂದಲಿನಲ್ಲಿ ಮರೆಯಾಗತೊಡಗಿದವು, ಕೆಂಪು ಹರಳಿನ ಬೆಂಡೋಲೆ ಹಿಂದೆಂದಿಗಿಂತ ಚೆಂದವಾಗಿ ಕಂಡಿತು.

ಕೂದಲು ಬಿಟ್ಟಾಗ ಕೊಕ್ಕೆಯ ಓಲೆಗಳ ಇನ್ನೊಂದು ಕಾಟವೂ ಇದೆ. ತೆರೆದ ಕೊಕ್ಕೆಯ ಹಿಂಬದಿಗೆ ಕೂದಲೆಳೆ ಸುತ್ತಿಕೊಂಡು, ತಲೆ ಕೊಡವಿದಾಗ ಓಲೆಯೇ ಕಳಚಿ ಬೀಳುತ್ತದೆ. ನನ್ನ ಒಂದು ಜೊತೆ ಹೀಗೆಯೇ ಒಂಟಿಯಾಯಿತು. ಕೊಕ್ಕೆಯ ತುದಿಗೆ ಹಾಕುವ ಚಿಕ್ಕ ರಬ್ಬರ್ ಬಿರಡೆ ಇದನ್ನು ತಡೆಯುತ್ತದೆ. ತಿರುಪಿನ ಓಲೆಯಾದರೆ ಈ ಭಯವಿಲ್ಲ. ಆದರೆ ಅಗಲವಾದ ಬೆಂಡೋಲೆ ಭಾರವಿದ್ದು ತೂತು ಸಡಿಲವಾಗಿದ್ದರೆ ಮುಂದಕ್ಕೆ ಬಾಗಿ ನೆಲ ನೋಡುತ್ತದೆ. ಹಾಲೆಯ ಹಿಂದೆ ಪಾರದರ್ಶಕ ಪ್ಲಾಸ್ಟಿಕ್ ಬಿಲ್ಲೆಯನ್ನಿಟ್ಟು ತಿರುಪು ಬಿಗಿದರೆ ನೆಟ್ಟಗೆ ಕೂರುತ್ತದೆ.

ಮಾಟಿ ಹಾಕುವವರಿಗೆ ಒಂದು ಮಾತು. ಆ ಸರಪಳಿ ಬರಿಯ ಅಲಂಕಾರವಲ್ಲ, ಜುಮುಕಿಯ ಭಾರದ ಒಂದಷ್ಟನ್ನು ಕೂದಲಿಗೆ ದಾಟಿಸುತ್ತದೆ. ಹಾಲೆಯಲ್ಲಿ ಮೃದ್ವಸ್ಥಿ ಇಲ್ಲ, ಚರ್ಮ ಮತ್ತು ಕೊಬ್ಬು ಮಾತ್ರ, ಅದಕ್ಕೇ ಭಾರಕ್ಕೆ ಜೋತುಬೀಳುತ್ತದೆ. ಆದರೆ ಮಾಟಿಯ ಕೊಕ್ಕೆಗೆ ಬಿಗಿಯಾಗಿ ಬಾಚಿದ ಜಡೆಯೋ ತುರುಬೋ ಬೇಕು. ಬಿಟ್ಟ ನುಣುಪು ಕೂದಲಿನಲ್ಲಿ ಅದು ಅರ್ಧ ಗಂಟೆಯಲ್ಲಿ ಜಾರಿ, ಭಾರವೆಲ್ಲ ಮತ್ತೆ ಹಾಲೆಯ ಮೇಲೆಯೇ ಬರುತ್ತದೆ. ತೂತು ಗೆರೆಯಂತೆ ಉದ್ದವಾಗಿ ಕಾಣತೊಡಗಿದ್ದರೆ ಭಾರದ ಜುಮುಕಿಯನ್ನು ಮಾಟಿಯಿದ್ದರೂ ಹಾಕಬೇಡಿ.

ಪರೀಕ್ಷೆ ಮಾಡುವ ಬಗೆಯೂ ಮುಖ್ಯ. ನಾವು ಓಲೆಯನ್ನು ನೋಡುವುದು ಕನ್ನಡಿಯಲ್ಲಿ ನೇರವಾಗಿ ನಿಂತು, ಕತ್ತನ್ನು ಸ್ವಲ್ಪ ಮೇಲೆತ್ತಿ. ಆಗ ಎಲ್ಲರಿಗೂ ಜಾಗ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಬೇರೆಯವರು ನಮ್ಮನ್ನು ನೋಡುವುದು ನಾವು ಮಾತನಾಡುವಾಗ, ಕೂತು ಬಾಗಿದಾಗ, ಹೆಚ್ಚಾಗಿ ಪಕ್ಕದಿಂದ. ಪೂರ್ತಿ ಉಟ್ಟು, ಕೂದಲು ಬಾಚಿ, ದುಪಟ್ಟಾ ಅಥವಾ ಸೆರಗು ಹಾಕಿದ ಮೇಲೆಯೇ ಓಲೆ ತೊಡಿ. ಕುರ್ಚಿಯ ಮೇಲೆ ಸಹಜವಾಗಿ ಕೂತು ಗಲ್ಲವನ್ನು ಒಮ್ಮೆ ಎಡ ಹೆಗಲಿಗೆ, ಒಮ್ಮೆ ಬಲ ಹೆಗಲಿಗೆ ತಿರುಗಿಸಿ. ಎಲ್ಲಿಯೂ ತಾಗದೆ ಬಂದರೆ ಸರಿ. ಯಾರಾದರೂ ಪಕ್ಕದಿಂದ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಟ್ಟರೆ ಉಳಿದ ಅನುಮಾನವೂ ಹೋಗುತ್ತದೆ.

ತಂಗಿ ಕೊನೆಗೆ ಕಾಲರ್ ಕುರ್ತಾಕ್ಕೆ 2 ಸೆಂಟಿಮೀಟರಿನ ಚಪ್ಪಟೆ ಓಲೆ ಹಾಕಿ, ಕೂದಲನ್ನು ಎರಡೂ ಕಿವಿಯ ಹಿಂದಕ್ಕೆ ಸೇರಿಸಿ ಹೊರಟಳು. ಜುಮುಕಿಯನ್ನು ಆ ಅಗಲ ನೆಕ್ಕಿನ ಬ್ಲೌಸಿನ ಜೊತೆಗೇ ಒಂದು ಚೀಲದಲ್ಲಿ ಹಾಕಿಟ್ಟಿದ್ದಾಳೆ. ನಾನು ಹೊಸ ಬ್ಲೌಸ್ ಹೊಲಿಯಲು ಕೊಡುವುದಿದೆ. ಈ ಸಲ ಅಳತೆ ಬ್ಲೌಸಿನ ಜೊತೆಗೆ ಆ ಸೀರೆಗೆ ಹಾಕುವ ಓಲೆಯನ್ನೂ ಒಯ್ಯುತ್ತೇನೆ. ಕಿವಿಯಲ್ಲಿ ಹಾಕಿಕೊಂಡೇ ನಿಂತು, ನೆಕ್ ಎಲ್ಲಿಂದ ಶುರುವಾಗಬೇಕೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿಸಿಕೊಂಡು ಬರುತ್ತೇನೆ.