ಕೆಪ್ಲರನ ಮೂರನೆಯ ನಿಯಮದಲ್ಲಿ ನಾವು ಹೊಡೆದುಹಾಕುವ ಆ ಸ್ಥಿರಾಂಕ

ಮೊದಲ ಪಿಯುಸಿಯಲ್ಲಿ ಗುರುತ್ವಾಕರ್ಷಣೆಯ ಅಧ್ಯಾಯ ಓದಿದ ಯಾವ ವಿದ್ಯಾರ್ಥಿಯನ್ನು ಕೇಳಿದರೂ ಕೆಪ್ಲರನ ಮೂರನೆಯ ನಿಯಮ ತಡವರಿಸದೆ ಬರುತ್ತದೆ: ಸುತ್ತುವ ಅವಧಿಯ ವರ್ಗವು ದೂರದ ಘನಕ್ಕೆ ಅನುಪಾತದಲ್ಲಿರುತ್ತದೆ. ಅದರ ಹಿಂದೆಯೇ ಒಂದು ಲೆಕ್ಕವೂ ಬರುತ್ತದೆ. ಗ್ರಹವೊಂದು ಸೂರ್ಯನಿಂದ ಭೂಮಿಗಿಂತ ನಾಲ್ಕು ಪಟ್ಟು ದೂರವಿದ್ದರೆ ಅದರ ವರ್ಷ ಎಷ್ಟು? ನಾಲ್ಕರ ಘನ 64, ಅದರ ವರ್ಗಮೂಲ 8, ಹಾಗಾಗಿ ಎಂಟು ವರ್ಷ. ಪ್ರವೇಶ ಪರೀಕ್ಷೆಗೆ ಇಷ್ಟು ಸಾಕು ಎಂದು ಪುಟ ತಿರುಗಿಸುತ್ತೇವೆ.

ನನ್ನ ತಕರಾರು ಇಲ್ಲಿಯೇ. ಎರಡು ಗ್ರಹಗಳನ್ನು ಅನುಪಾತದಲ್ಲಿ ಇಟ್ಟ ಕೂಡಲೇ ಸ್ಥಿರಾಂಕ ಎರಡೂ ಕಡೆ ಹೊಡೆದುಹೋಗುತ್ತದೆ. ಸೂರ್ಯನ ದ್ರವ್ಯರಾಶಿ ಅಡಗಿದ್ದುದು ಆ ಸ್ಥಿರಾಂಕದಲ್ಲಿ. 1619ರಲ್ಲಿ ನಿಯಮವನ್ನು ಪ್ರಕಟಿಸಿದ ಕೆಪ್ಲರನಿಗೆ ಆ ಸಂಖ್ಯೆಯ ಅರ್ಥ ತಿಳಿದಿರಲಿಲ್ಲ, ತಿಳಿಯುವ ದಾರಿಯೂ ಇರಲಿಲ್ಲ. 1687ರಲ್ಲಿ ನ್ಯೂಟನ್ ಅದನ್ನು ಬಿಡಿಸಿ ತೋರಿಸಿದ. ಆತ ಕೊಟ್ಟ ಅರ್ಥವನ್ನು ಇಂದಿನ ಬರವಣಿಗೆಯಲ್ಲಿ ಹೀಗೆ ಇಡುತ್ತೇವೆ:

T² = 4π²a³ / (GM)

ಇದನ್ನೇ ತಿರುಗಿಸಿದರೆ M = 4π²a³ / (GT²). ಇಲ್ಲಿ T ಒಂದು ಸುತ್ತಿನ ಅವಧಿ, a ಕಕ್ಷೆಯ ಅಳತೆ, M ನಡುವೆ ಕುಳಿತಿರುವ ಕಾಯದ ದ್ರವ್ಯರಾಶಿ, G ಗುರುತ್ವ ಸ್ಥಿರಾಂಕ. ಸುತ್ತುತ್ತಿರುವ ವಸ್ತುವಿನ ದ್ರವ್ಯರಾಶಿ ಎಲ್ಲಿಯೂ ಇಲ್ಲ. ಅದು ಬೆಟ್ಟದಷ್ಟಿರಲಿ, ಕಾರಿನಷ್ಟಿರಲಿ, ಒಂದೇ ಕಕ್ಷೆಯಲ್ಲಿ ಒಂದೇ ಹೊತ್ತು. ಪಠ್ಯಪುಸ್ತಕಗಳಲ್ಲಿ ಈ ಸೂತ್ರ ಇಲ್ಲದಿಲ್ಲ. ಆದರೆ ತರಗತಿಯಲ್ಲಿ ಅದು ಸಂಖ್ಯೆ ತುಂಬಿಸುವ ಕೆಲಸವಾಗಿ ಮುಗಿದುಹೋಗುತ್ತದೆ. ಯಾವ ಸಂಖ್ಯೆ ಎಲ್ಲಿಂದ ಬಂತು, ಯಾವುದನ್ನು ಯಾವುದಕ್ಕೆ ಸೇರಿಸಬೇಕು, ಬಂದ ಉತ್ತರವನ್ನು ನಂಬಬಹುದೇ ಎಂಬ ಪ್ರಶ್ನೆಗಳು ಏಳುವುದೇ ಇಲ್ಲ. ನಮ್ಮದೇ ಒಂದು ಉದಾಹರಣೆಯನ್ನು ಹಿಡಿದು ಆ ಪ್ರಶ್ನೆಗಳನ್ನು ಕೇಳುತ್ತೇನೆ.

2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಮಂಗಳನ ಕಕ್ಷೆಗೆ ಸೇರಿತು. ಅಂದು ಇಸ್ರೋ ಕೊಟ್ಟ ಕಕ್ಷೆಯ ವಿವರ ಹೀಗಿತ್ತು: ಮಂಗಳನಿಗೆ ಅತಿ ಹತ್ತಿರ ಬಂದಾಗ ಎತ್ತರ 421.7 ಕಿ.ಮೀ., ಅತಿ ದೂರ ಹೋದಾಗ 76,993.6 ಕಿ.ಮೀ., ಒಂದು ಸುತ್ತಿಗೆ 72 ಗಂಟೆ 51 ನಿಮಿಷ 51 ಸೆಕೆಂಡು. ಮರುದಿನದ ಪತ್ರಿಕೆಗಳಲ್ಲಿ ಈ ಸಂಖ್ಯೆಗಳನ್ನು ನೋಡಿದವರು ಬಹಳ ಮಂದಿ ಇದ್ದಾರೆ. ಮಂಗಳನ ದ್ರವ್ಯರಾಶಿ ಅವುಗಳಲ್ಲೇ ಇದೆ.

ಮೊದಲ ತೊಡಕು, ಈ ಕಕ್ಷೆ ವೃತ್ತವಲ್ಲ, ವಿಪರೀತ ಚಾಚಿಕೊಂಡ ದೀರ್ಘವೃತ್ತ. ಹಾಗಾದರೆ ಯಾವ ದೂರವನ್ನು ಘನಕ್ಕೆ ಏರಿಸಬೇಕು? ಹತ್ತಿರದ್ದನ್ನೂ ಅಲ್ಲ, ದೂರದ್ದನ್ನೂ ಅಲ್ಲ, ಅವೆರಡರ ಸರಾಸರಿಯನ್ನು. ಅದೇ ದೀರ್ಘವೃತ್ತದ ಅರೆ ದೀರ್ಘಾಕ್ಷ. ಈ ನಿಯಮದಲ್ಲಿ ನನ್ನನ್ನು ಇಂದಿಗೂ ಹಿಡಿದು ನಿಲ್ಲಿಸುವುದು ಇದು. ಕೆಪ್ಲರನ ಎರಡನೆಯ ನಿಯಮದ ಪ್ರಕಾರ ನೌಕೆ ಹತ್ತಿರದಲ್ಲಿದ್ದಾಗ ದೂರದಲ್ಲಿರುವುದಕ್ಕಿಂತ ಸುಮಾರು 21 ಪಟ್ಟು ವೇಗವಾಗಿ ಸಾಗುತ್ತದೆ, ತನ್ನ ಹೆಚ್ಚಿನ ಹೊತ್ತನ್ನು ದೂರದಲ್ಲಿ ನಿಧಾನವಾಗಿ ಕಳೆಯುತ್ತದೆ. ಇಷ್ಟೆಲ್ಲ ಏರಿಳಿತವಿದ್ದರೂ ಒಟ್ಟು ಅವಧಿಗೆ ಸಂಬಂಧಿಸಿದ್ದು ಅರೆ ದೀರ್ಘಾಕ್ಷ ಒಂದೇ. ಅಷ್ಟೇ ತ್ರಿಜ್ಯದ ಅಚ್ಚುಕಟ್ಟಾದ ವೃತ್ತದಲ್ಲಿ ಸುತ್ತುವ ಇನ್ನೊಂದು ನೌಕೆ ಇದ್ದಿದ್ದರೆ ಅದಕ್ಕೂ ಅದೇ 72 ಗಂಟೆ 51 ನಿಮಿಷ ಹಿಡಿಯುತ್ತಿತ್ತು.

ಎರಡನೆಯ ತೊಡಕಿನಲ್ಲಿ ಹೆಚ್ಚಿನವರು ಜಾರುತ್ತಾರೆ. ಇಸ್ರೋ ಕೊಟ್ಟದ್ದು ನೆಲದಿಂದ ಎತ್ತರ. ನಿಯಮ ಕೇಳುವುದು ಕೇಂದ್ರದಿಂದ ದೂರ. ಎರಡು ಎತ್ತರಗಳ ಸರಾಸರಿ 38,707.65 ಕಿ.ಮೀ. ಇದಕ್ಕೆ ಮಂಗಳನ ತ್ರಿಜ್ಯ ಸುಮಾರು 3,390 ಕಿ.ಮೀ. ಸೇರಿಸಬೇಕು. ಆಗ a ಸುಮಾರು 42,098 ಕಿ.ಮೀ. ಅವಧಿಯನ್ನು ಸೆಕೆಂಡಿಗೆ ಇಳಿಸಿದರೆ 2,62,311.

ಇನ್ನು a³ ಅನ್ನು T² ಇಂದ ಭಾಗಿಸೋಣ. ಕಿಲೋಮೀಟರ್ ಮತ್ತು ಸೆಕೆಂಡುಗಳಲ್ಲಿ 1084.3 ಬರುತ್ತದೆ. ಇದೇ ಮಂಗಳನ ಸ್ಥಿರಾಂಕ. ಇದನ್ನು 4π² ಇಂದ, ಅಂದರೆ 39.478ರಿಂದ ಗುಣಿಸಿದರೆ GM ಸುಮಾರು 42,805. ಮೀಟರುಗಳಿಗೆ ಬದಲಿಸಿದರೆ 4.2805 × 10¹³. ಗುರುತ್ವ ಸ್ಥಿರಾಂಕ 6.674 × 10⁻¹¹ ಇಂದ ಭಾಗಿಸಿದರೆ 6.414 × 10²³ ಕಿಲೋಗ್ರಾಂ. ಒಪ್ಪಿತ ಮೌಲ್ಯ 6.417 × 10²³. ಪತ್ರಿಕೆಯ ಒಂದು ಸಾಲು, ಒಂದು ಕ್ಯಾಲ್ಕುಲೇಟರ್, ಸಾವಿರದಲ್ಲಿ ಒಂದಕ್ಕಿಂತ ಕಡಿಮೆ ವ್ಯತ್ಯಾಸ.

ಆ ಸಣ್ಣ ವ್ಯತ್ಯಾಸ ಎಲ್ಲಿಂದ ಬಂತೆಂದು ಹುಡುಕುವುದೂ ಪಾಠವೇ. ಮಂಗಳ ಸರಿಯಾದ ಗೋಳವಲ್ಲ. 3,390 ಕಿ.ಮೀ. ಎಂಬುದು ಸರಾಸರಿ ತ್ರಿಜ್ಯ, ಸಮಭಾಜಕದಲ್ಲಿ ಅದು ಸುಮಾರು 3,396. ಎತ್ತರಗಳನ್ನು ಸಮಭಾಜಕದ ತ್ರಿಜ್ಯದಿಂದ ಎಣಿಸಿದ್ದಾರೆ ಎಂದುಕೊಂಡು ಆ 6 ಕಿ.ಮೀ. ಸೇರಿಸಿ ನೋಡಿದರೆ GM 42,823ಕ್ಕೆ ಏರುತ್ತದೆ. ಇಂದಿನ ನಿಖರ ಅಳತೆ 42,828. ದೂರ ಘನಕ್ಕೆ ಏರುವುದರಿಂದ ದೂರದಲ್ಲಿನ ತಪ್ಪು ಉತ್ತರದಲ್ಲಿ ಮೂರು ಪಟ್ಟಾಗಿ ಕಾಣಿಸಿಕೊಳ್ಳುತ್ತದೆ. ಅವಧಿಯ ತಪ್ಪು ಎರಡು ಪಟ್ಟು ಮಾತ್ರ. ಅದರ ಮೇಲೆ ಹೊತ್ತನ್ನು ಸೆಕೆಂಡಿನ ಮಟ್ಟಿಗೆ ಅಳೆಯುವುದು ಸುಲಭ, ದೂರವನ್ನು ಅಳೆಯುವುದೇ ಕಷ್ಟ. ಹಾಗಾಗಿ ಉತ್ತರ ಸರಿಬರಲಿಲ್ಲವೆಂದರೆ ಮೊದಲು ಅನುಮಾನಿಸಬೇಕಾದದ್ದು ದೂರವನ್ನು.

ತ್ರಿಜ್ಯ ಸೇರಿಸಲು ಮರೆತಿದ್ದರೆ ಏನಾಗುತ್ತಿತ್ತು? 4.99 × 10²³ ಕಿಲೋಗ್ರಾಂ ಬರುತ್ತಿತ್ತು, ಶೇ. 22ರಷ್ಟು ಕಡಿಮೆ. ಅಪಾಯ ಇರುವುದು ಇಲ್ಲಿ: ಈ ಸಂಖ್ಯೆ ನೋಡಲು ಅಸಂಬದ್ಧವಾಗಿಲ್ಲ. ಹತ್ತರ ಘಾತ ಸರಿಯಾಗಿದೆ. ಒಪ್ಪಿತ ಮೌಲ್ಯ ಪಕ್ಕದಲ್ಲಿಲ್ಲದಿದ್ದರೆ ತಪ್ಪೆಂದು ಗೊತ್ತಾಗುವುದು ಹೇಗೆ?

ಉತ್ತರ ಕೆಪ್ಲರನ ನಿಯಮದಲ್ಲೇ ಇದೆ. ಒಂದೇ ಕಾಯವನ್ನು ಸುತ್ತುವ ಎಲ್ಲವಕ್ಕೂ a³/T² ಒಂದೇ ಆಗಿರಬೇಕು. ಮಂಗಳನಿಗೆ ಎರಡು ಉಪಗ್ರಹಗಳಿವೆ. ಫೋಬೋಸ್ ಕೇಂದ್ರದಿಂದ 9,376 ಕಿ.ಮೀ. ದೂರದಲ್ಲಿ 7 ಗಂಟೆ 39 ನಿಮಿಷ 14 ಸೆಕೆಂಡಿಗೊಮ್ಮೆ ಸುತ್ತುತ್ತದೆ: ಸ್ಥಿರಾಂಕ 1085.6. ಡೀಮೋಸ್ 23,458 ಕಿ.ಮೀ. ದೂರದಲ್ಲಿ 30 ಗಂಟೆ 17 ನಿಮಿಷ 55 ಸೆಕೆಂಡಿಗೊಮ್ಮೆ: ಸ್ಥಿರಾಂಕ 1085.0. ಮಂಗಳಯಾನದ್ದು 1084.3. ಮೂರೂ ಒಂದೇ ಮಾತು ಹೇಳುತ್ತಿವೆ. ಈಗ ತಪ್ಪು ದಾರಿಯಲ್ಲಿ ಹೋಗಿ, ಫೋಬೋಸ್ ಮತ್ತು ಮಂಗಳಯಾನ ಎರಡಕ್ಕೂ ನೆಲದಿಂದ ಎತ್ತರವನ್ನೇ ಬಳಸಿ ನೋಡಿ. ಮಂಗಳಯಾನಕ್ಕೆ 843, ಫೋಬೋಸಿಗೆ 283. ಒಂದೇ ಗ್ರಹಕ್ಕೆ ಎರಡು ದ್ರವ್ಯರಾಶಿ ಇರಲಾರದು. ಹತ್ತಿರದ ಕಕ್ಷೆಯಲ್ಲಿ ತ್ರಿಜ್ಯದ ಪಾಲು ದೊಡ್ಡದು, ಆದ್ದರಿಂದ ತಪ್ಪು ಅಲ್ಲಿ ಇನ್ನೂ ಜೋರಾಗಿ ಕಾಣುತ್ತದೆ. ಉತ್ತರಪತ್ರಿಕೆಯ ಕೊನೆಯ ಪುಟ ತಿರುಗಿಸದೆಯೇ ತನ್ನ ತಪ್ಪನ್ನು ತಾನೇ ಹಿಡಿಯುವ ಈ ದಾರಿಯನ್ನು ಮಕ್ಕಳಿಗೆ ಯಾಕೆ ತೋರಿಸುವುದಿಲ್ಲ ಎಂಬುದೇ ನನ್ನ ನೋವು.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಮೇಲಿನ ಲೆಕ್ಕದಿಂದ ಮಂಗಳನ ದ್ರವ್ಯರಾಶಿಯನ್ನು ಹೊಸದಾಗಿ ಅಳೆದಂತಾಯಿತು ಎಂದರೆ ಅದು ಸುಳ್ಳು. 72 ಗಂಟೆ 51 ನಿಮಿಷವನ್ನು ಯಾರೂ ಗಡಿಯಾರ ಹಿಡಿದು ಎಣಿಸಿರಲಿಲ್ಲ, ಸಂಖ್ಯೆ ಪ್ರಕಟವಾದಾಗ ನೌಕೆ ಒಂದು ಸುತ್ತನ್ನೂ ಮುಗಿಸಿರಲಿಲ್ಲ. ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿರುವಂತಹ ದೊಡ್ಡ ಆಂಟೆನಾಗಳು ನೌಕೆಯ ರೇಡಿಯೊ ಸಂಕೇತದ ಆವರ್ತನದಲ್ಲಾಗುವ ಬದಲಾವಣೆಯಿಂದ ಅದರ ವೇಗವನ್ನು ತಿಳಿಯುತ್ತವೆ. ಮೊದಲೇ ಗೊತ್ತಿರುವ ಮಂಗಳನ GM ಬಳಸಿ ಅದರಿಂದ ಕಕ್ಷೆಯನ್ನು ಲೆಕ್ಕಹಾಕುತ್ತಾರೆ. ಅಂದರೆ ನಾವು ಮಾಡಿದ್ದು, ಅವರು ಒಳಗೆ ಹಾಕಿದ್ದ ಸಂಖ್ಯೆಯನ್ನು ಹೊರಗೆ ತೆಗೆದದ್ದು. ಲೆಕ್ಕದ ಪರೀಕ್ಷೆಯಾಗಿ ಅದು ಒಳ್ಳೆಯದು, ಸ್ವತಂತ್ರ ಅಳತೆಯಲ್ಲ.

ಸ್ವತಂತ್ರ ಅಳತೆ ನಡೆದದ್ದು 1877ರಲ್ಲಿ. ಅದಕ್ಕೆ ಮೊದಲು ಮಂಗಳನಿಗೆ ಉಪಗ್ರಹವಿದೆ ಎಂದೇ ಯಾರಿಗೂ ತಿಳಿದಿರಲಿಲ್ಲ. ಹಾಗಾಗಿ ಮಂಗಳ ಇತರ ಗ್ರಹಗಳ ಚಲನೆಯನ್ನು ಎಷ್ಟು ಕದಲಿಸುತ್ತದೆ ಎಂಬ ಅತಿ ಸೂಕ್ಷ್ಮ ವ್ಯತ್ಯಾಸದಿಂದ ಅದರ ದ್ರವ್ಯರಾಶಿಯನ್ನು ಊಹಿಸಬೇಕಿತ್ತು. ಆ ವರ್ಷದ ಆಗಸ್ಟ್‌ನಲ್ಲಿ ವಾಷಿಂಗ್ಟನ್ನಿನ ನೌಕಾ ವೀಕ್ಷಣಾಲಯದಲ್ಲಿ ಅಸಾಫ್ ಹಾಲ್ ಡೀಮೋಸ್ ಮತ್ತು ಫೋಬೋಸ್‌ಗಳನ್ನು ಕಂಡುಹಿಡಿದ. ಅವು ಮಂಗಳನಿಂದ ಎಷ್ಟು ಕೋನದಷ್ಟು ಸರಿಯುತ್ತವೆ, ಎಷ್ಟು ಹೊತ್ತಿಗೆ ಮರಳುತ್ತವೆ ಎಂದು ಅಳೆದರೆ ಸಾಕಾಯಿತು.

ಹಾಲ್‌ನ ಕಾಲದ ಲೆಕ್ಕಕ್ಕೆ ಕಿಲೋಗ್ರಾಂ ಬೇಕಿರಲಿಲ್ಲ, G ಕೂಡ ಬೇಕಿರಲಿಲ್ಲ. ದೂರವನ್ನು ಭೂಮಿ ಮತ್ತು ಸೂರ್ಯನ ನಡುವಿನ ದೂರದ ಪಾಲಿನಲ್ಲೂ ಅವಧಿಯನ್ನು ವರ್ಷಗಳಲ್ಲೂ ಬರೆದರೆ, ಸೂರ್ಯನ a³/T² ತಾನಾಗಿ 1 ಆಗುತ್ತದೆ. ಭೂಮಿಯೇ ಅದಕ್ಕೆ ಸಾಕ್ಷಿ, ಒಂದು ದೂರ, ಒಂದು ವರ್ಷ. ಅದೇ ಅಳತೆಯಲ್ಲಿ ಡೀಮೋಸ್‌ನ ದೂರ 0.0001568, ಅವಧಿ 0.003456 ವರ್ಷ. ಘನವನ್ನು ವರ್ಗದಿಂದ ಭಾಗಿಸಿದರೆ ಸುಮಾರು 31 ಲಕ್ಷದಲ್ಲಿ ಒಂದು ಭಾಗ. ಸೂರ್ಯನನ್ನು 31 ಲಕ್ಷ ಪಾಲು ಮಾಡಿದರೆ ಒಂದು ಪಾಲು ಮಂಗಳ. ನ್ಯೂಟನ್ ಗುರು, ಶನಿಗಳನ್ನು ಸೂರ್ಯನೊಂದಿಗೆ ಹೋಲಿಸಿದ್ದೂ ಅವುಗಳ ಉಪಗ್ರಹಗಳಿಂದಲೇ. ಉಪಗ್ರಹವಿಲ್ಲದ ಬುಧ, ಶುಕ್ರರ ವಿಷಯದಲ್ಲಿ ಆ ಸೌಲಭ್ಯ ಇರಲಿಲ್ಲ. ಅವುಗಳ ದ್ರವ್ಯರಾಶಿ ನಿಖರವಾಗಿ ಸಿಕ್ಕಿದ್ದು ನೌಕೆಗಳು ಹತ್ತಿರ ಹಾದುಹೋದ ಮೇಲೆ.

ಕಿಲೋಗ್ರಾಂ ಬೇಕೆಂದಾಗ ಮಾತ್ರ G ಬೇಕು. 1798ರಲ್ಲಿ ಕ್ಯಾವೆಂಡಿಶ್ ಮಾಡಿದ ಸೀಸದ ಗುಂಡುಗಳ ಪ್ರಯೋಗದಿಂದ ಅದರ ಮೌಲ್ಯ ದೊರಕಿತು. ಇಂದಿಗೂ G ನಮಗೆ ಗೊತ್ತಿರುವುದು ನಾಲ್ಕೈದು ಅಂಕಿಗಳ ಮಟ್ಟಿಗೆ. ಮಂಗಳನ GM ಅದಕ್ಕಿಂತ ಎಷ್ಟೋ ನಿಖರವಾಗಿ ಗೊತ್ತಿದೆ. ಆದ್ದರಿಂದಲೇ ನೌಕೆಗಳ ದಾರಿಯನ್ನು ಲೆಕ್ಕಹಾಕುವವರು ಕಿಲೋಗ್ರಾಂಗಳ ಗೋಜಿಗೆ ಹೋಗದೆ ನೇರವಾಗಿ GM ಬಳಸುತ್ತಾರೆ.

ಮನೆಯಲ್ಲಿ ಪಿಯುಸಿ ಓದುವ ಮಕ್ಕಳಿದ್ದರೆ ಗುರುಗ್ರಹವನ್ನು ಕೊಡಿ. ಅಯೋ: ದೂರ 4,21,800 ಕಿ.ಮೀ., ಅವಧಿ 1.769 ದಿನ. ಕ್ಯಾಲಿಸ್ಟೊ: ದೂರ 18,82,700 ಕಿ.ಮೀ., ಅವಧಿ 16.689 ದಿನ. ಎರಡೂ ದೂರಗಳು ಕೇಂದ್ರದಿಂದಲೇ. ದ್ರವ್ಯರಾಶಿಗೆ ಹೋಗುವ ಮೊದಲು ಎರಡರ a³/T² ಹೋಲಿಸಲು ಹೇಳಿ. ಬಂದ ಉತ್ತರವನ್ನು ಕೆಳಗೆ ಕಾಮೆಂಟಿನಲ್ಲಿ ಹಾಕಿದರೆ ಒಟ್ಟಿಗೆ ಕುಳಿತು ನೋಡೋಣ.