ಕ್ಯಾರೊಸೆಲ್ ಪಾಠದ ಕೊನೆಯ ಸ್ಲೈಡಿನಲ್ಲಿ ಸಾರಾಂಶ ಬೇಕೇ?

ಇನ್‌ಸ್ಟಾಗ್ರಾಂನಲ್ಲಿ 2017ರಲ್ಲಿ ಕ್ಯಾರೊಸೆಲ್, ಅಂದರೆ ಹಲವು ಚಿತ್ರಗಳನ್ನು ಸ್ಲೈಡುಗಳಂತೆ ಒಂದೊಂದಾಗಿ ಸರಿಸಿ ನೋಡುವ ಪೋಸ್ಟು, ಬಂದಾಗ ಒಂದು ಪೋಸ್ಟಿಗೆ 10 ಚಿತ್ರಗಳ ಮಿತಿಯಿತ್ತು. 2024ರಲ್ಲಿ ಅದು 20ಕ್ಕೆ ಏರಿತು. ಪಾಠ ಹೇಳುವವರಲ್ಲಿ ಹಲವರು ಕೊನೆಯ ಸ್ಲೈಡಿನಲ್ಲಿ ಇಡೀ ಪಾಠವನ್ನು ಅಡಕಗೊಳಿಸಿ, ‘ಸೇವ್ ಮಾಡಿಕೊಳ್ಳಿ’ ಎಂದು ಬರೆದು ಮುಗಿಸುತ್ತಾರೆ. ಈ ರೂಢಿಯನ್ನು ಕೆಳಗಿನ ಎರಡು ಬರಹಗಳು ಒಂದೇ ಉದಾಹರಣೆಯ ಮೂಲಕ ಪರಿಶೀಲಿಸುತ್ತವೆ. ಅದು ಎಂಟು ಸ್ಲೈಡುಗಳ ಪಾಠ. ಅದರ ಪ್ರಶ್ನೆ: 100ನ್ನು ಶೇ 20ರಷ್ಟು ಹೆಚ್ಚಿಸಿ, ಬಂದದ್ದನ್ನು ಮತ್ತೆ ಶೇ 20ರಷ್ಟು ಇಳಿಸಿದರೆ 100 ಉಳಿಯುತ್ತದೆಯೇ?

ಪರ

ಪೋಸ್ಟನ್ನು ಸೇವ್ ಮಾಡುವ ಓದುಗ ಮುಂದೊಮ್ಮೆ ಮರಳಿ ಬರುವ ಉದ್ದೇಶದಿಂದಲೇ ಹಾಗೆ ಮಾಡುತ್ತಾನೆ. ಮೊದಲ ಸಲ ಅವನಿಗೆ ‘ಇದು ಹೀಗೇಕೆ’ ಎಂಬ ಕುತೂಹಲವಿರುತ್ತದೆ. ಎರಡನೆಯ ಸಲ ಬರುವಾಗ ಕೈಯಲ್ಲೊಂದು ಲೆಕ್ಕವಿರುತ್ತದೆ, ಬೇಕಾಗಿರುವುದು ನಿಯಮ ಮಾತ್ರ. ಒಂದೇ ಪೋಸ್ಟು ಈ ಎರಡೂ ಭೇಟಿಗಳಿಗೆ ಒದಗಬೇಕಾದರೆ ಮೊದಲ ಏಳು ಸ್ಲೈಡುಗಳನ್ನು ಕಲಿಯಲು ಬಂದವನಿಗೂ ಎಂಟನೆಯದನ್ನು ಮರಳಿ ಬಂದವನಿಗೂ ಮೀಸಲಿಡುವುದೇ ನ್ಯಾಯವಾದ ಹಂಚಿಕೆ.

ನಮ್ಮ ಪಾಠದಲ್ಲಿ ಮೊದಲ ಸ್ಲೈಡು ಪ್ರಶ್ನೆಯನ್ನು ಕೇಳುತ್ತದೆ. ಎರಡನೆಯದು 100, 96, 104 ಎಂಬ ಮೂರು ಉತ್ತರಗಳನ್ನು ಕೊಟ್ಟು ಊಹಿಸಲು ಹೇಳುತ್ತದೆ. ಈ ಎರಡನೆಯ ಸ್ಲೈಡನ್ನು ವಿಶೇಷ ಎಚ್ಚರದಿಂದ ಬರೆಯಬೇಕು, ಏಕೆಂದರೆ ಮೊದಲನೆಯದನ್ನು ನೋಡಿ ಸ್ವೈಪ್ ಮಾಡದೆ ಸರಿದವರಿಗೆ ಅದೇ ಪೋಸ್ಟು ಫೀಡಿನಲ್ಲಿ ಕೆಲವೊಮ್ಮೆ ಎರಡನೆಯ ಸ್ಲೈಡಿನಿಂದಲೇ ಮತ್ತೆ ಎದುರಾಗುತ್ತದೆ. ‘ಹಾಗಾದರೆ ಉತ್ತರವೇನು?’ ಎಂದಷ್ಟೇ ಬರೆದಿದ್ದರೆ ಅವರಿಗೆ ತಲೆಬುಡ ತಿಳಿಯದು. ಆದ್ದರಿಂದ ಪ್ರಶ್ನೆಯನ್ನು ಅಲ್ಲಿಯೂ ಚಿಕ್ಕದಾಗಿ ಪೂರ್ತಿ ಬರೆಯಬೇಕು. ಅದರ ಅಡಿಯಲ್ಲೇ, ಯಾವ ಸಂಖ್ಯೆಗೂ ಒಪ್ಪುವ ನಿಯಮವೊಂದು ಕೊನೆಯಲ್ಲಿ ಇದೆ ಎಂದು ಒಂದು ಸಾಲಿನಲ್ಲಿ ತಿಳಿಸಿದರೆ ಓದುಗನಿಗೆ ಎಂಟನೆಯ ಸ್ಲೈಡಿನವರೆಗೆ ಹೋಗಲು ಕಾರಣ ಸಿಗುತ್ತದೆ. ಈ ಮಾತನ್ನು ಕೊಟ್ಟ ಮೇಲೆ ಸಾರಾಂಶವನ್ನು ಕೈಬಿಡುವುದು ವಚನಭಂಗವೇ ಸರಿ.

ಮೂರನೆಯ ಸ್ಲೈಡಿನಲ್ಲಿ 100 ಎಂಬುದು 120 ಆಗುತ್ತದೆ. ನಾಲ್ಕನೆಯದರಲ್ಲಿ, ಈಗ ಕಳೆಯಬೇಕಾದ ಶೇ 20 ಯಾವುದರ ಶೇ 20 ಎಂಬ ಪ್ರಶ್ನೆ ಬರುತ್ತದೆ. ಅದು 120ರ ಶೇ 20, ಅಂದರೆ 24. ಐದನೆಯದರಲ್ಲಿ ಉತ್ತರ 96. ಆರನೆಯದು ಕಾರಣವನ್ನು ಹೇಳುತ್ತದೆ: ಏರಿಕೆಯೆಂದರೆ 1.2ರಿಂದ ಗುಣಿಸುವುದು, ಇಳಿಕೆಯೆಂದರೆ 0.8ರಿಂದ ಗುಣಿಸುವುದು, ಎರಡರ ಗುಣಲಬ್ಧ 0.96. ಏಳನೆಯದರಲ್ಲಿ ಶೇ 50ರ ಏರಿಕೆ ಮತ್ತು ಇಳಿಕೆಯ ಲೆಕ್ಕವಿದೆ. ಅಲ್ಲಿ ಉಳಿಯುವುದು 75.

ಎಂಟನೆಯ ಸ್ಲೈಡು ಇವನ್ನೆಲ್ಲ ಮತ್ತೆ ಹೇಳಬೇಕಿಲ್ಲ. ‘ಏರಿಕೆ ಮತ್ತು ಇಳಿಕೆ ಎರಡನ್ನೂ ಗುಣಕಕ್ಕೆ ಬದಲಿಸಿ, ಗುಣಕಗಳನ್ನು ಗುಣಿಸಿ, ಬಂದದ್ದು 1ಕ್ಕಿಂತ ಎಷ್ಟು ಕಡಿಮೆಯೋ ಅಷ್ಟು ನಷ್ಟ’ ಎಂಬ ಮೂರು ಸಾಲು ಸಾಕು. ಪಾಠವನ್ನು ಓದಿದವನಿಗೆ ಇದು ಒಂದೇ ನೋಟಕ್ಕೆ ಅರ್ಥವಾಗಬೇಕು, ಓದದೆ ಹಾರಿ ಬಂದವನಿಗೆ ‘ಗುಣಕವೆಂದರೇನು’ ಎಂದು ಹಿಂದಿರುಗಿ ನೋಡುವಂತಾಗಬೇಕು. ಸಾರಾಂಶ ಸರಿಯಾದ ಅಳತೆಯಲ್ಲಿದೆಯೇ ಎಂಬುದನ್ನು ನಾನು ಹೀಗೆ ಪರೀಕ್ಷಿಸುತ್ತೇನೆ. ಸೇವ್ ಮಾಡಿರೆಂಬ ಕೋರಿಕೆಯನ್ನೂ ಈ ಸ್ಲೈಡಿನ ಮೂಲೆಯಲ್ಲೇ ಸಣ್ಣದಾಗಿ ಇಡಬಹುದು. ಅದಕ್ಕೆಂದೇ ಒಂಬತ್ತನೆಯ ಸ್ಲೈಡನ್ನು ಸೇರಿಸಿದರೆ ಓದುಗ ಅದನ್ನು ಜಾಹೀರಾತೆಂದು ಬಗೆದು ಹೊರಟುಬಿಡುತ್ತಾನೆ.

ವಿರೋಧ

ಸಾರಾಂಶದ ಸ್ಲೈಡು ಸೇವ್‌ಗಳನ್ನು ತರುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಂಥ ಸೇವ್ ಅನೇಕ ವೇಳೆ ಓದುವ ಬದಲಿಗೆ ಮಾಡಿದ ಕೆಲಸವಾಗಿರುತ್ತದೆ. ಒಬ್ಬರ ನಾಲ್ಕಾರು ಪಾಠಗಳನ್ನು ನೋಡಿದ ಓದುಗನಿಗೆ ಹೂರಣವೆಲ್ಲ ಕೊನೆಯ ಸ್ಲೈಡಿನಲ್ಲಿರುತ್ತದೆ ಎಂಬುದು ರೂಢಿಯಾಗಿಬಿಡುತ್ತದೆ. ಮುಂದಿನ ಪಾಠದಲ್ಲಿ ಅವನ ಬೆರಳು ನಡುವಿನ ಆರು ಸ್ಲೈಡುಗಳನ್ನು ಸರಸರನೆ ದಾಟಿ ಎಂಟನೆಯದರ ಮೇಲೆ ನಿಲ್ಲುತ್ತದೆ. ಕೆಲವರು ಅಲ್ಲಿ ಸ್ಕ್ರೀನ್‌ಶಾಟ್ ತೆಗೆದುಕೊಳ್ಳುತ್ತಾರೆ, ಅದು ಸೇವ್‌ಗಳ ಲೆಕ್ಕಕ್ಕೂ ಸೇರುವುದಿಲ್ಲ.

ಮರಳಿ ಬರುವ ಓದುಗನ ವಾದವೂ ಅಷ್ಟು ಗಟ್ಟಿಯಲ್ಲ. ಸೇವ್ ಆಗುವುದು ಇಡೀ ಪೋಸ್ಟು, ಎಂಟನೆಯ ಸ್ಲೈಡು ಮಾತ್ರವಲ್ಲ. ಓದುಗನ ಸಂಗ್ರಹದಲ್ಲಿ ಸಾಲುಗಟ್ಟಿ ಕಾಣುವುದು ಮುಖಪುಟಗಳು. ಅವುಗಳ ನಡುವೆ ‘ನೀವೂ ಈ ತಪ್ಪು ಮಾಡುತ್ತೀರಾ?’ ಎಂಬ ಮುಖಪುಟವಿದ್ದರೆ ಒಳಗೆ ಏನಿತ್ತೆಂದು ತಿಂಗಳ ಬಳಿಕ ಯಾರಿಗೂ ನೆನಪಾಗದು. ‘ಶೇಕಡಾ ಏರಿಕೆ ಮತ್ತು ಇಳಿಕೆ’ ಎಂಬ ಮಾತು ಅದರ ಮೇಲೆಯೇ ಇದ್ದರೆ ಹುಡುಕಿದವನಿಗೆ ಸಿಗುತ್ತದೆ. ಮತ್ತೆ ಬಳಸಲು ನೆರವಾಗುವ ಬದಲಾವಣೆಯನ್ನು ಮಾಡಬೇಕಾದ ಜಾಗ ಮೊದಲ ಸ್ಲೈಡೇ ಹೊರತು ಕೊನೆಯದಲ್ಲ.

ಮೂರು ಸಾಲಿನ ಸಾರಾಂಶ ಬರೆಯುವ ಸಂಯಮ ಎಲ್ಲರಲ್ಲೂ ಇರುವುದಿಲ್ಲವೆಂಬುದು ಇನ್ನೊಂದು ಮಾತು. ಎಲ್ಲವನ್ನೂ ತುಂಬಲು ಹೋಗಿ 1080 ಪಿಕ್ಸೆಲ್ ಅಗಲದ ಸ್ಲೈಡಿನಲ್ಲಿ 24 ಪಿಕ್ಸೆಲ್‌ನ ಅಕ್ಷರ ಬಳಸುತ್ತಾರೆ. ಕಂಪ್ಯೂಟರಿನಲ್ಲಿ ಅದು ಅಚ್ಚುಕಟ್ಟಾಗಿ ಕಾಣುತ್ತದೆ, ಫೋನಿನಲ್ಲಿ ಸುಮಾರು ಮೂರನೆಯ ಒಂದು ಭಾಗಕ್ಕೆ ಕುಗ್ಗಿ ಓದಲಾಗದಂತಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಆಕ್ಷೇಪ ಕಲಿಕೆಗೆ ಸಂಬಂಧಿಸಿದ್ದು. ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಗದ್ಯಭಾಗವೊಂದನ್ನು ಓದಿದರು. ಬಳಿಕ ಕೆಲವರು ಅದನ್ನೇ ಮತ್ತೆ ಓದಿದರೆ, ಉಳಿದವರು ಪುಸ್ತಕ ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮತ್ತೆ ಓದಿದವರೇ ಮುಂದಿದ್ದರು, ಒಂದು ವಾರದ ನಂತರ ನೆನಪಿನಿಂದ ಬರೆದವರು ಮುಂದಾದರು. ಸಾರಾಂಶದ ಸ್ಲೈಡು ಕೊಡುವುದು ಆ ಐದು ನಿಮಿಷದ ತೃಪ್ತಿಯನ್ನು. ಎಲ್ಲ ತಿಳಿಯಿತೆಂಬ ಭಾವ ಬರುತ್ತದೆ, ಬೆರಳು ಸೇವ್ ಗುಂಡಿಯನ್ನು ಒತ್ತುತ್ತದೆ, ಅಲ್ಲಿಗೆ ಮುಗಿಯಿತು.

ಆದ್ದರಿಂದ ನಾನಾದರೆ ನಿಯಮವನ್ನು ಅದರ ಕಾರಣದೊಂದಿಗೆ ಆರನೆಯ ಸ್ಲೈಡಿನಲ್ಲೇ ಬಿಟ್ಟು, ಎಂಟನೆಯದರಲ್ಲಿ ಹೊಸ ಪ್ರಶ್ನೆಯನ್ನು ಇಡುತ್ತೇನೆ: ‘100ನ್ನು ಮೊದಲು ಶೇ 20ರಷ್ಟು ಇಳಿಸಿ, ಆಮೇಲೆ ಶೇ 20ರಷ್ಟು ಏರಿಸಿದರೆ?’ ಉತ್ತರವನ್ನು ಕಮೆಂಟಿನಲ್ಲಿ ಬರೆಯಲು ಕೇಳಿ, ಸರಿಯುತ್ತರವನ್ನು ಕ್ಯಾಪ್ಷನ್‌ನ ಕೊನೆಯಲ್ಲಿ, ತೆರೆದು ನೋಡಿದವರಿಗಷ್ಟೇ ಕಾಣುವಂತೆ ಇಡುತ್ತೇನೆ. ಪಾಠದ ಪ್ರಶ್ನೆಯನ್ನು ತುಸು ತಿರುಗಿಸಿ ಕೇಳಿದಾಗ ಬರುವ ತಪ್ಪು ಉತ್ತರಗಳೇ ಓದುಗ ಎಲ್ಲಿ ನಿಂತನೆಂಬುದನ್ನು ಹೇಳುತ್ತವೆ. 100 ಎಂದು ಬರೆದವನು ಬಹುಮಟ್ಟಿಗೆ ನಾಲ್ಕನೆಯ ಸ್ಲೈಡನ್ನು ಓದಿಲ್ಲ. 104 ಎಂದವನು ಐದನೆಯ ಸ್ಲೈಡಿನ 96ನ್ನು ನೋಡಿದ್ದಾನೆ, ಕ್ರಮ ತಿರುಗಿದರೆ ಫಲವೂ ತಿರುಗುತ್ತದೆಂದು ನಂಬಿದ್ದಾನೆ, ಅಂದರೆ ಆರನೆಯದನ್ನು ಕಣ್ಣಾಡಿಸಿ ಬಿಟ್ಟಿದ್ದಾನೆ. 0.8ನ್ನು 1.2ರಿಂದ ಗುಣಿಸಿದರೂ 0.96 ಎಂದು ಕಂಡವನು ಮಾತ್ರ 96 ಎನ್ನುತ್ತಾನೆ. ಸೇವ್‌ಗಳ ಸಂಖ್ಯೆಯಿಂದ ಇದಾವುದೂ ತಿಳಿಯದು.

ಅಳತೆಯ ಮಾನಗಳ ಪಟ್ಟಿ, ಕೀಲಿಮಣೆಯ ಶಾರ್ಟ್‌ಕಟ್‌ಗಳು ಮುಂತಾದವನ್ನು ಈ ವಾದದಿಂದ ಹೊರಗಿಡುತ್ತೇನೆ. ಅಲ್ಲಿ ಕಲಿಯುವುದಕ್ಕಿಂತ ನೋಡಿಕೊಳ್ಳುವುದೇ ಕೆಲಸ, ಪಟ್ಟಿಯೇ ಪಾಠ, ಮತ್ತು ಅದನ್ನು ಮೊದಲ ಸ್ಲೈಡಿನಲ್ಲೇ ಕೊಟ್ಟುಬಿಡಬಹುದು. ಕಾರಣದಿಂದ ನಿಲ್ಲುವ ಪಾಠಕ್ಕೆ 104 ಎಂದು ಬಂದ ಕಮೆಂಟುಗಳೇ ಹೆಚ್ಚು ಉಪಕಾರಿ. ಅವು ಹೆಚ್ಚಿದ್ದರೆ ಆರನೆಯ ಸ್ಲೈಡನ್ನು ಎರಡಾಗಿ ಒಡೆದು, ಗುಣಕವನ್ನು ಒಂದರಲ್ಲಿ, ಗುಣಲಬ್ಧವನ್ನು ಇನ್ನೊಂದರಲ್ಲಿ ಇಟ್ಟು ಮುಂದಿನ ಪಾಠವನ್ನು ಬರೆಯುತ್ತೇನೆ.